ಎಳನೀರಿಗೆ ಬೆಳಿಗ್ಗೆ ಬನ್ನಿ, ಅವರೆ ಬೀಜಕ್ಕೆ ಮುಂಗಾರಿಗೆ ಬನ್ನಿ

"ಭಾನುವಾರ ಹನ್ನೊಂದಕ್ಕೆ ಬಂದ್ರೆ ಎಳನೀರು ಖಾಲಿ ಅಂತೀರಿ. ಅವರೆ ಬೀಜ ಕೇಳಿದ್ರೆ ಈಗ ಕೊಡಲ್ಲ ಅಂತೀರಿ. ಹಾಗಾದ್ರೆ ನಿಮ್ಮ ಅಂಗಡಿಗೆ ಯಾವಾಗ ಬರ್ಬೇಕು?"

ಎಳನೀರು ಬೇಕಾದರೆ ಭಾನುವಾರ ಬೆಳಿಗ್ಗೆ 7ರಿಂದ 10ರ ಒಳಗೆ ಬನ್ನಿ. ಬೀಜ ಬೇಕಾದರೆ 10ರಿಂದ 12.30ರ ತನಕ. ಒಂದು ಗಂಟೆಗೆ ನಮ್ಮ ಗಾಡಿ ಮೈಸೂರಿನಿಂದ ಮಂಡ್ಯ ಕಡೆ ಹೊರಟಿರುತ್ತದೆ. ಹೀರೆ, ಸೋರೆ, ಹರಿವೆ, ಈರನಗೆರೆ ಬದನೆ ಬೀಜ ಹೆಚ್ಚುಕಮ್ಮಿ ವರ್ಷವಿಡೀ ಇಟ್ಟಿರುತ್ತೇನೆ. ನಾಟಿ ಅವರೆ ಮಾತ್ರ ಮೇ ಕೊನೆಯಿಂದ ಆಗಸ್ಟ್ 15ರ ತನಕ. ಆಮೇಲೆ ಎಷ್ಟು ಕೇಳಿದರೂ ಕೊಡುವುದಿಲ್ಲ.

ಈ ಹೊತ್ತುಗಳನ್ನು ನಾನು ಸುಮ್ನೆ ಇಟ್ಟಿಲ್ಲ. ಕಾರಣ ಹೇಳುತ್ತೇನೆ.

"ಅಷ್ಟು ಬೇಗ ಖಾಲಿಯಾಗುತ್ತೆ ಅಂದರೆ ಇನ್ನೂ ಜಾಸ್ತಿ ತರಬಹುದಲ್ವಾ" ಅಂತ ಬಹಳ ಜನ ಹೇಳುತ್ತಾರೆ. ತೆಂಗಿನ ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಹಾಗಾಗಿ ಮರದ ಮೇಲೆ ಒಂದೊಂದು ಗೊನೆಗೂ ಒಂದೊಂದು ತಿಂಗಳ ವಯಸ್ಸಿನ ವ್ಯತ್ಯಾಸ ಇರುತ್ತದೆ. ಹೊಸದಾಗಿ ಬಿರಿದ ಹೊಂಬಾಳೆಯನ್ನು ಒಂದು ಅಂತ ಹಿಡಿದು ಕೆಳಗೆ ಎಣಿಸುತ್ತಾ ಬಂದರೆ ಏಳನೆಯ ಗೊನೆ ಎಳನೀರಿಗೆ ಸರಿಯಾಗಿರುತ್ತದೆ, ಅಂದರೆ ಕಾಯಿ ಕಚ್ಚಿ 6ರಿಂದ 7 ತಿಂಗಳಾದದ್ದು. ಅದಕ್ಕಿಂತ ಮೇಲಿನ ಗೊನೆ ಕಿತ್ತರೆ ನೀರು ತುಂಬಿರುತ್ತದೆ, ಆದರೆ ಸಪ್ಪೆ, ಗಂಜಿಯೂ ಕಟ್ಟಿರುವುದಿಲ್ಲ. ಕೆಳಗಿನದಕ್ಕೆ ಹೋದರೆ ಕಾಯಿ ಬಲಿಯಲು ಶುರುವಾಗಿರುತ್ತದೆ. ನೀರಿನ ಸಿಹಿ ಇಳಿದಿರುತ್ತದೆ, ಅಲ್ಲಾಡಿಸಿದರೆ ಒಳಗೆ ಕುಲುಕುಲು ಅನ್ನುತ್ತದೆ. ಸರಿಯಾದ ಎಳನೀರು ಅಲ್ಲಾಡಿಸಿದರೆ ಸದ್ದು ಬರುವುದಿಲ್ಲ. ನೀರು ಒಳಗೆ ಭರ್ತಿ ತುಂಬಿರುತ್ತದೆ.

ಹಾಗಾಗಿ ಒಂದು ಮರ ನನಗೆ ತಿಂಗಳಿಗೆ ಒಂದೇ ಗೊನೆ ಎಳನೀರು ಕೊಡುತ್ತದೆ. ನಮ್ಮದು ನಾಟಿ ಎತ್ತರದ ತಳಿ. ಒಂದು ಗೊನೆಗೆ ಸರಾಸರಿ 8 ಕಾಯಿ. ಎಳನೀರಿಗೆ ಅಂತ 48 ಮರ ಬಿಟ್ಟಿದ್ದೇನೆ. ಅವನ್ನು 12ರಂತೆ ನಾಲ್ಕು ಪಾಳಿ ಮಾಡಿದ್ದೇನೆ, ವಾರಕ್ಕೊಂದು ಪಾಳಿ. 12 ಗೊನೆ ಅಂದರೆ 96 ಕಾಯಿ. ಭಾನುವಾರ ನಿಮ್ಮ ಮುಂದೆ ಕಾಣುವ ರಾಶಿ ಅಷ್ಟೇ. ಮಿಕ್ಕ ಮರಗಳಿಗೂ ಕೈ ಹಾಕಿದರೆ ಮನೆಗೆ ತೆಂಗಿನಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಏಳನೇ ತಿಂಗಳಿಗೆ ಗೊನೆ ಇಳಿಸಿದ ಮರದಲ್ಲಿ ಬಲಿತ ಕಾಯಿ ಅನ್ನುವುದೇ ಉಳಿಯುವುದಿಲ್ಲ ನೋಡಿ.

ಗೊನೆ ಇಳಿಸುವುದು ಶನಿವಾರ ಮಧ್ಯಾಹ್ನ ಮೂರರಿಂದ ಆರರ ತನಕ. ಮರ ಹತ್ತುವ ಅಣ್ಣ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಹೋಗುತ್ತಾರೆ. ಗೊನೆಗೆ ಹಗ್ಗ ಕಟ್ಟಿ, ಮೇಲಿನಿಂದ ಕಡಿದು, ನಿಧಾನವಾಗಿ ಬಿಡುತ್ತಾರೆ. ನಾವು ಕೆಳಗೆ ಹಿಡಿದುಕೊಳ್ಳುತ್ತೇವೆ. ಬಲಿತ ಕಾಯಿಯಾದರೆ ಹಾಗೇ ಕೆಡವಬಹುದು, ಚಿಪ್ಪು ತಡೆಯುತ್ತದೆ. ಎಳನೀರಿನ ಚಿಪ್ಪು ಇನ್ನೂ ಗಟ್ಟಿಯಾಗಿರುವುದಿಲ್ಲ. ಬಿದ್ದ ಪೆಟ್ಟಿಗೆ ಒಳಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಹೊರಗೆ ಸಿಪ್ಪೆ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಮೊದಲ ವರ್ಷ ಒಂದು ಶನಿವಾರ ಮೋಡ ಕವಿದಿತ್ತು. ಮಳೆಗೆ ಮೊದಲು ಮುಗಿಸೋಣ ಅಂತ ಐದು ಗೊನೆಯನ್ನು ಹಗ್ಗವಿಲ್ಲದೆ ಕೆಡವಿಸಿದೆ. ಬೆಳಿಗ್ಗೆ ಒಬ್ಬ ತಾಯಿ ಮಗುವಿಗೆ ಅಂತ ತೆಗೆದುಕೊಂಡರು. ಕೆತ್ತಿ ಕೊಟ್ಟೆ. ಮಗು ಒಂದು ಗುಟುಕು ಕುಡಿದು ಮುಖ ಸಿಂಡರಿಸಿತು. ನಾನು ಕುಡಿದು ನೋಡಿದೆ, ಹುಳಿ. ಆಮೇಲೆ ಆ ಐದು ಗೊನೆಯ ಕಾಯಿಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಬಿರುಕು ಬಿಟ್ಟದ್ದು ಎಳೆಯದಾದರೂ ಒಳಗೆ ಕುಲುಕುತ್ತದೆ, ಯಾಕೆಂದರೆ ನೀರು ನಾರಿಗೆ ಇಳಿದಿರುತ್ತದೆ. 14 ಕಾಯಿ ಪಕ್ಕಕ್ಕೆ ಹಾಕಬೇಕಾಯಿತು. ಆ ತಾಯಿಗೆ ಹಣ ವಾಪಸ್ ಕೊಟ್ಟೆ, ಆದರೆ ಆ ಮಗುವಿನ ಮುಖ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಹಗ್ಗವಿಲ್ಲದೆ ಒಂದು ಗೊನೆಯನ್ನೂ ಇಳಿಸಿಲ್ಲ.

ಇಳಿಸಿದ ಗೊನೆಯನ್ನು ಬಿಡಿಸದೆ ಹಾಗೇ ನೆರಳಲ್ಲಿ ಇಟ್ಟು, ಮೇಲೆ ಗರಿ ಮುಚ್ಚುತ್ತೇವೆ. ತೊಟ್ಟು ಇರುವ ತನಕ ಕಾಯಿ ಚೆನ್ನಾಗಿರುತ್ತದೆ. ತೊಟ್ಟು ಕಳಚಿದ ಕಾಯಿ ಬೇಗ ಕೆಡುತ್ತದೆ. ಮನೆಗೆ ಒಯ್ಯುವವರು ತೊಟ್ಟು ಇರುವುದನ್ನೇ ಆರಿಸಿಕೊಳ್ಳಿ. ಬಿಸಿಲು ಬೀಳದ ಕಡೆ ಇಟ್ಟರೆ ಎರಡು ಮೂರು ದಿನ ಏನೂ ಆಗುವುದಿಲ್ಲ. ಬಾಟಲಿಗೆ ಸುರಿಸಿಕೊಂಡು ಹೋಗುವವರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಗಾಳಿ ತಾಗಿದ ಮೇಲೆ ನೀರಿನ ರುಚಿ ಬೇಗ ಕೆಡುತ್ತದೆ, ಕೆಲವು ಸಲ ತಿಳಿ ಗುಲಾಬಿ ಬಣ್ಣಕ್ಕೂ ತಿರುಗುತ್ತದೆ. ನೇರ ಮನೆಗೆ ಹೋಗಿ, ಫ್ರಿಜ್‌ನಲ್ಲಿಟ್ಟು, ಅವತ್ತೇ ಕುಡಿದು ಮುಗಿಸಿ.

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟು ಆರೂವರೆಗೆ ಬಂದು ಇಳಿಸುತ್ತೇವೆ. ಹತ್ತರ ತನಕ ನನ್ನ ಕೈಯಲ್ಲಿ ಮಚ್ಚು, ಕೈಯೆಲ್ಲ ನೀರು. ಒದ್ದೆ ಕೈಯಲ್ಲಿ ಬೀಜದ ಡಬ್ಬಿ ಮುಟ್ಟಬಾರದು. ಒಳಗೆ ತೇವ ಹೋದರೆ ಬೀಜ ಬೂಸಲು ಹಿಡಿಯುತ್ತದೆ. ಬೀಜದ ಸಮಯವನ್ನು 10ರ ನಂತರಕ್ಕೆ ಇಟ್ಟದ್ದು ಅದಕ್ಕೇ. ಆ ಹೊತ್ತಿಗೆ ಕೈ ಒರೆಸಿಕೊಂಡು, ಕೂತು, ನಿಮ್ಮ ಜಾಗಕ್ಕೆ ಏನು ಹೊಂದುತ್ತದೆ ಅಂತ ಮಾತಾಡಲು ಆಗುತ್ತದೆ.

ಈಗ ಅವರೆ ವಿಷಯ. ಇದರ ಬಗ್ಗೆಯೇ ನನಗೆ ಬೈಗುಳ ಜಾಸ್ತಿ.

ಮಾರುಕಟ್ಟೆಯಲ್ಲಿ ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ತಿಂದವರಿಗೆ ಫೆಬ್ರವರಿಯಲ್ಲಿ ಅದನ್ನು ಬೆಳೆಯುವ ಆಸೆ ಹುಟ್ಟುತ್ತದೆ. ನನಗೂ ಅದು ಅರ್ಥವಾಗುತ್ತದೆ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದೆ. ಹಾಗೆ ಫೆಬ್ರವರಿಯಲ್ಲಿ ಒಯ್ದ ಒಬ್ಬ ಅಕ್ಕ ತಾರಸಿಯ ಮೇಲೆ ಎರಡು ದೊಡ್ಡ ಕುಂಡದಲ್ಲಿ ಹಾಕಿದರು. ಬೀಜ ವಾರದೊಳಗೆ ಮೊಳೆಯಿತು. ಬಳ್ಳಿ ಚಪ್ಪರ ಹತ್ತಿತು, ಪಕ್ಕದ ಮನೆಯ ಗೋಡೆಗೂ ಹೋಯಿತು. ಏಪ್ರಿಲ್ ಆಯಿತು, ಮೇ ಆಯಿತು, ಒಂದು ಹೂವೂ ಇಲ್ಲ. "ನಿಮ್ಮ ಬೀಜ ಬರೀ ಎಲೆ ಬಿಡೋ ಬೀಜ" ಅಂತ ಬಂದು ಬೇಸರ ಮಾಡಿಕೊಂಡರು. ಗೊಬ್ಬರ ಕಮ್ಮಿಯಾಯಿತೇನೋ ಅಂತ ಮತ್ತೆ ಮತ್ತೆ ಹಾಕಿದ್ದರಂತೆ, ಅದಕ್ಕೆ ಎಲೆ ಇನ್ನೂ ಜಾಸ್ತಿ ಬಂದಿತ್ತು. ಜುಲೈನಲ್ಲಿ ಒಂದು ಕುಂಡದ ಬಳ್ಳಿ ಕಿತ್ತು ಹಾಕಿದರು. ಇನ್ನೊಂದನ್ನು ಹಸಿರು ಚೆನ್ನಾಗಿದೆ ಅಂತ ಬಿಟ್ಟರು. ನವೆಂಬರಿನಲ್ಲಿ ಅದು ಹೂ ಬಿಟ್ಟಿತು.

ಬೀಜದಲ್ಲಿ ದೋಷ ಇರಲಿಲ್ಲ. ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುವ ತನಕ ಬಳ್ಳಿ ಹಬ್ಬುತ್ತದೆಯೇ ಹೊರತು ಹೂವಿಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ಹಾಕಿದರೂ ಜುಲೈನಲ್ಲಿ ಹಾಕಿದರೂ ಹೂವು ಬರುವುದು ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಮಧ್ಯದ ತಿಂಗಳೆಲ್ಲ ನೀವು ಎಲೆಗೆ ನೀರು ಹೊಯ್ದ ಹಾಗೆ. ವರ್ಷದ ಯಾವ ಕಾಲದಲ್ಲಾದರೂ ಬಿಡುವ ಅವರೆ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಗಿಡವೂ ಗಿಡ್ಡ, ಕುಂಡಕ್ಕೂ ಅನುಕೂಲ. ಬೇಸಿಗೆಯಲ್ಲೇ ಬೇಕು ಅನ್ನುವವರಿಗೆ ನಾನೇ ಅದನ್ನು ಹೇಳಿ ಕಳಿಸುತ್ತೇನೆ. ಆದರೆ ನಾಟಿ ಅವರೆಯ ಆ ಜಿಡ್ಡು, ಆ ಸೊಗಡು ನನಗೆ ಬೇಕು.

ಈ ಗುಣ ನಮ್ಮ ಹಿರಿಯರಿಗೆ ಬಹಳ ಚೆನ್ನಾಗಿ ಒದಗಿತ್ತು. ನಮ್ಮ ಕಡೆ ಮುಂಗಾರಿನಲ್ಲಿ ರಾಗಿ ಬಿತ್ತುವಾಗ ಅವರೆಯನ್ನು ನಡುನಡುವೆ ಅಕ್ಕಡಿ ಸಾಲಿಗೆ ಹಾಕುತ್ತಾರೆ. ರಾಗಿ ಬೆಳೆಯುವ ತನಕ ಅವರೆ ತನ್ನ ಪಾಡಿಗೆ ತಾನು ಇರುತ್ತದೆ. ರಾಗಿ ಕೊಯ್ಲು ಆಗುವ ಹೊತ್ತಿಗೆ ಹೂ ಬಿಡುತ್ತದೆ, ಆಮೇಲೆ ಹೊಲವೆಲ್ಲ ಅದರದ್ದೇ. ಮಳೆ ನಿಂತಿದ್ದರೂ ಮಂಜಿನಲ್ಲಿ, ನೆಲದಲ್ಲಿ ಉಳಿದ ತೇವದಲ್ಲಿ ಕಾಯಿ ಕಟ್ಟುತ್ತದೆ. ಕುಂಡದಲ್ಲಿ ಹಾಕುವವರೂ ಅದೇ ಕಾಲ ಹಿಡಿಯಿರಿ. ಜಾಗ ಕಮ್ಮಿ ಇದ್ದರೆ ಆಗಸ್ಟ್ ಮೊದಲ ವಾರದಲ್ಲಿ ಹಾಕಿ. ಆಗ ಬಳ್ಳಿ ಅಷ್ಟು ಹಬ್ಬುವುದಿಲ್ಲ, ಹೂವಿನ ಹೊತ್ತಿಗೆ ಸರಿಯಾಗಿ ಬರುತ್ತದೆ.

"ಸರಿ, ಫೆಬ್ರವರಿಯಲ್ಲಿ ಒಯ್ದು ಮನೆಯಲ್ಲಿಟ್ಟುಕೊಂಡು ಜೂನ್‌ನಲ್ಲಿ ಹಾಕುತ್ತೇವೆ" ಅನ್ನುವವರೂ ಇದ್ದಾರೆ. ಅದೂ ಬೇಡ. ಅವರೆಗೆ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮನೆಯ ಡಬ್ಬಿಯಲ್ಲಿ ಎರಡು ತಿಂಗಳು ಬಿಟ್ಟು ನೋಡಿದರೆ ಒಂದೊಂದು ಕಾಳಿಗೂ ದುಂಡನೆಯ ತೂತು, ತಳದಲ್ಲಿ ಹಿಟ್ಟು. ನಮ್ಮಲ್ಲಿ ಬೀಜದ ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡುತ್ತೇವೆ. ಬಡಿದು, ಕಾಳನ್ನು ಹಲ್ಲಿಗೆ ಕಚ್ಚಿದರೆ ಕಟಕ್ ಅನ್ನುವ ತನಕ ಬೆಳಗಿನ ಬಿಸಿಲಿಗೆ ಹಾಕುತ್ತೇವೆ. ಆಮೇಲೆ ಜರಡಿ ಹಿಡಿದ ಒಲೆ ಬೂದಿಯಲ್ಲಿ ಬೆರೆಸಿ ಮಡಕೆಗೆ ತುಂಬಿ ಬಾಯಿ ಕಟ್ಟುತ್ತೇವೆ. ಬೂದಿ ಕಾಳಿನ ಸಂದುಗಳಲ್ಲಿ ತುಂಬಿಕೊಂಡರೆ ಹುಳು ಓಡಾಡಲು ಆಗುವುದಿಲ್ಲ. ಮೇ ತಿಂಗಳಲ್ಲಿ ಮಡಕೆ ಬಿಚ್ಚಿ, 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟು ನೋಡುತ್ತೇನೆ. 85ಕ್ಕಿಂತ ಕಮ್ಮಿ ಮೊಳೆತರೆ ಆ ಮಡಕೆಯ ಬೀಜ ಮಾರುವುದಿಲ್ಲ, ಸಾರಿಗೆ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಹಿಂದಿನ ವರ್ಷದ ಅವರೆ ಬೀಜ ಇದ್ದರೆ ನೀವೂ ಹೀಗೆ ನೋಡಬಹುದು. 20 ಕಾಳು ಸಾಕು, ಒದ್ದೆ ಬಟ್ಟೆ, ಐದು ದಿನ. 15ರ ಮೇಲೆ ಮೊಳೆತರೆ ಹೊಸ ಬೀಜ ಕೊಳ್ಳಬೇಡಿ, ಅದನ್ನೇ ಹಾಕಿ. ಅವರೆ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಕಾಯಿ ಕಟ್ಟುವ ಗಿಡ, ತಳಿ ಸುಲಭಕ್ಕೆ ಕೆಡುವುದಿಲ್ಲ. ಸೋರೆ, ಹೀರೆ ಹಾಗಲ್ಲ, ಹತ್ತಿರದಲ್ಲಿ ಬೇರೆ ತಳಿ ಇದ್ದರೆ ಬೆರೆತುಬಿಡುತ್ತವೆ. ಅದರ ಬಗ್ಗೆ ಅಂಗಡಿಯ ಹತ್ತಿರ ಬಂದಾಗ ಹೇಳುತ್ತೇನೆ.

ಮಳೆಗಾಲದ ಒಂದು ಮಾತು. ಶನಿವಾರ ಮಧ್ಯಾಹ್ನ ಮಳೆ ಬಂದರೆ ಮರ ಹತ್ತಿಸುವುದಿಲ್ಲ. ಒದ್ದೆ ಮರ ಜಾರುತ್ತದೆ, ನಿಮ್ಮ ಎಳನೀರಿಗಿಂತ ಆ ಅಣ್ಣನ ಜೀವ ದೊಡ್ಡದು. ಅಂಥ ಭಾನುವಾರ ನಾವು 7ರ ಬದಲು 9ಕ್ಕೆ ಬರುತ್ತೇವೆ. ಎಳನೀರು ಇರುವುದಿಲ್ಲ, ಬೀಜ ಇರುತ್ತದೆ. ಒಣಗಿದ ಕೈಯಲ್ಲಿ 9ರಿಂದಲೇ ಅಳೆದು ಕೊಡುತ್ತೇನೆ.