ಇಸಬ್‌ಗೋಲ್ ಕೊಡೋದಕ್ಕೆ ಮುಂಚೆ

"ಅಮ್ಮನಿಗೆ ಐದು ದಿನದಿಂದ ಸರಿಯಾಗಿ ಮೋಷನ್ ಆಗಿಲ್ಲ. ಕಲ್ಲಿನ ಥರ ಗಟ್ಟಿ, ತುಂಬಾ ತಿಣುಕ್ತಾರೆ. ಇಸಬ್‌ಗೋಲ್ ಕೊಟ್ರೆ ಸಾಕಲ್ವಾ ಸಿಸ್ಟರ್?"

ಸಾಕಾಗಲ್ಲ. ಅಮ್ಮ ನೀರೇ ಕುಡಿಯದವರಾದರೆ ಕೊಡಲೇಬೇಡಿ. ಇಸಬ್‌ಗೋಲ್ ನೀರು ಹೀರಿ ಉಬ್ಬುವ ಹೊಟ್ಟು. ಒಂದು ಚಮಚಕ್ಕೆ ತುಂಬು ಲೋಟ ನೀರು ಬೇಕು, ಕಲಸಿದ ಕೂಡಲೇ ಕುಡಿಸಬೇಕು, ಮೇಲೆ ಇನ್ನೊಂದು ಲೋಟ ನೀರು. ಎರಡೇ ಗುಟುಕು ನೀರಿನಲ್ಲಿ ನುಂಗಿಸಿದರೆ ಗಂಟಲಲ್ಲೋ ಕರುಳಲ್ಲೋ ಅದೇ ಗಂಟು ಕಟ್ಟಿಕೊಳ್ಳಬಹುದು. ಹಾಸಿಗೆ ಹಿಡಿದವರಿಗೂ ನುಂಗಲು ಕಷ್ಟಪಡುವವರಿಗೂ ಇದು ಸಲ್ಲದು.

ಎಲ್ಲರೂ ಯಾವ ಪುಡಿ, ಯಾವ ಕಷಾಯ ಅಂತಲೇ ಕೇಳುತ್ತೀರಿ. ಅಮ್ಮ ಯಾವ್ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ನೋಡಿ ಹೇಳಿ ಅಂದವರು ಕಡಿಮೆ. ನನಗೆ ಬೇಕಾದದ್ದು ಆ ಪ್ರಶ್ನೆ.

ನಾನು ಆರೈಕೆಗೆ ಹೋಗುತ್ತಿದ್ದ ಒಂದು ಮನೆಯ ಅಜ್ಜಿಗೆ ಮಂಡಿನೋವಿಗೆ ಟ್ರಮಡಾಲ್, ಜೊತೆಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ. ಮೂರೂ ಮಲ ಕಟ್ಟಿಸುವಂಥವು. ರಾತ್ರಿ ಏಳಬೇಕಾಗುತ್ತದೆ ಅಂತ ಅವರು ಸಂಜೆಯಿಂದ ನೀರು ಮುಟ್ಟುತ್ತಿರಲಿಲ್ಲ. ಒಂದು ವಾರ ತಿಣುಕಿದ ಮೇಲೆ ಸೀರೆಗೆ ನೀರು ನೀರಾಗಿ ಸೋರತೊಡಗಿತು. ಮಗ ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ಕೊಟ್ಟರು. ವೈದ್ಯರು ಗುದದೊಳಗೆ ಬೆರಳಿಟ್ಟು ನೋಡಿದಾಗ ಗಟ್ಟಿ ಮಲದ ಮುದ್ದೆ ಅಡ್ಡ ಕೂತಿತ್ತು. ಮೇಲಿನ ತೆಳು ಮಲ ಅದರ ಪಕ್ಕದಿಂದ ಜಿನುಗುತ್ತಿತ್ತು. ಎನಿಮಾ ಕೊಟ್ಟು ಅದನ್ನು ತೆಗೆದ ಮೇಲೆ ನೋವಿನ ಮಾತ್ರೆ ಬದಲಾಯಿಸಿ, ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಶುರು ಮಾಡಿದರು. ಅದು ಕೆಲಸ ಮಾಡಲು ಒಂದೆರಡು ದಿನ ಹಿಡಿಯುತ್ತದೆ. ಮಾರನೇ ಬೆಳಿಗ್ಗೆಯೇ "ಏನೂ ಆಗಲಿಲ್ಲ" ಅಂತ ಡೋಸ್ ಏರಿಸಬೇಡಿ.

ನೀರನ್ನು ಹಗಲಲ್ಲೇ ಮುಗಿಸಿ: ಎದ್ದ ಕೂಡಲೇ ಒಂದು ಲೋಟ, ಊಟದ ಜೊತೆ ತಿಳಿಸಾರು, ಮಧ್ಯಾಹ್ನ ಮಜ್ಜಿಗೆ, ಒಟ್ಟು ಆರೇಳು ಲೋಟ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ಮುಖ್ಯ. ಹಲ್ಲಿಲ್ಲದವರಿಗೆ ಹಸಿ ತರಕಾರಿ ಕೊಟ್ಟು ಪೀಡಿಸಬೇಡಿ. ಬೇಯಿಸಿದ ಸೊಪ್ಪು, ಹೆಸರುಕಾಳು, ಪಪ್ಪಾಯ ಸಾಕು, ಅದೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ. ಬೆಳಗಿನ ತಿಂಡಿ ಮುಗಿದ ಅರ್ಧ ಗಂಟೆಯೊಳಗೆ ಕಮೋಡಿನ ಮೇಲೆ ಕೂರಿಸಿ, ಕಾಲ ಕೆಳಗೆ ಗಿಡ್ಡ ಮಣೆ ಇಡಿ. ಆಗ ಕರುಳು ತಾನೇ ಚುರುಕಾಗಿರುತ್ತದೆ.

ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು, ಮೂತ್ರ ಕಟ್ಟುವುದು, ಹೊಸದಾಗಿ ಮಂಕು ಕವಿಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ತೂಕ ಇಳಿಕೆ, ಅಥವಾ ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗಿ ಹೋಗದ ಮಲಬದ್ಧತೆ ಇದ್ದರೂ ಮೂಲವ್ಯಾಧಿ ಅಂತ ನೀವೇ ತೀರ್ಮಾನಿಸಬೇಡಿ, ತೋರಿಸಿ. ಹೋಗುವಾಗ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.