ಮೂರು ಸಲ ಅದೇ ಚಿತ್ರ, ಮೂರು ಸಲ ಅದೇ ಮಾತು

ತುಮಕೂರಿನಲ್ಲಿ ನಮ್ಮದು ನಾಲ್ಕು ಜನರ ಪುಟ್ಟ ಅನಿಮೇಷನ್ ಸ್ಟುಡಿಯೋ. ಸ್ಟೋರಿಬೋರ್ಡ್, ಅಂದರೆ ಅನಿಮೇಷನ್ ಮಾಡುವ ಮೊದಲು ಇಡೀ ಕಥೆಯನ್ನು ಕಾಗದದ ಮೇಲೆ ಒಂದೊಂದೇ ಚಿತ್ರವಾಗಿ ಬರೆಯುವುದು ನನ್ನ ಕೆಲಸ. ಹೋದ ವರ್ಷ ಒಂದು ಸಂಡೇ ಸ್ಕೂಲಿನವರು ಬಂದು, ಎರಡು-ಮೂರು ವರ್ಷದ ಮಕ್ಕಳಿಗೆ ಮೂರು ನಿಮಿಷದ ಕಥೆ ಬೇಕು ಅಂದರು. ಬೈಬಲ್ಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಳೆದುಹೋದ ಕುರಿಯ ಕಥೆ. ನೂರು ಕುರಿ ಇರುವವನ ಒಂದು ಕುರಿ ತಪ್ಪಿಸಿಕೊಳ್ಳುತ್ತದೆ. ಅವನು ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಸಿಕ್ಕ ಮೇಲೆ ಖುಷಿಯಿಂದ ಹೆಗಲ ಮೇಲೆ ಹೊತ್ತು ತಂದು, ಅಕ್ಕಪಕ್ಕದವರನ್ನು ಕರೆದು ನನ್ನ ಜೊತೆ ಸಂತೋಷಪಡಿ ಅನ್ನುತ್ತಾನೆ. ಇಷ್ಟೇ.

ಸುಲಭದ ಕೆಲಸ ಅಂದುಕೊಂಡೆ. ಕುರಿ, ಕುರುಬ, ಕಂಬಳಿ ಅಂದರೆ ಶಿರಾ ಕಡೆಯವನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಕಡೆ ಕಾಲು ಹಿಡಿದು ನಡೆಯುವವರನ್ನು ನೋಡಿಕೊಂಡೇ ಬೆಳೆದವನು ನಾನು. ಹತ್ತು ದಿನದಲ್ಲಿ ನಲವತ್ತೆರಡು ಪ್ಯಾನೆಲ್ ಬರೆದೆ. ನೋಡಲು ಚೆನ್ನಾಗಿಯೇ ಇತ್ತು.

ಮೊದಲ ಪೆಟ್ಟು ಬಿದ್ದಿದ್ದು ನೂರು ಕುರಿಯಿಂದ. ನಮ್ಮ ಹುಡುಗ ಒಂದಿಡೀ ದಿನ ಕೂತು ನೂರನ್ನೂ ಬಿಡಿಸಿದ್ದ. ಫೋನಿನಲ್ಲಿ ಹಾಕಿ ನೋಡಿದರೆ ಹಸಿರು ಬಟ್ಟೆಯ ಮೇಲೆ ಕಡಲೆಪುರಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಎರಡು ವರ್ಷದ ಮಗುವಿಗೆ ನೂರು ಅನ್ನುವುದು ಲೆಕ್ಕ ಅಲ್ಲ, ‘ತುಂಬಾ’ ಅಷ್ಟೇ. ಆಮೇಲೆ ಮುಂದೆ ಆರು ಕುರಿ ದೊಡ್ಡದಾಗಿ ಇಟ್ಟು, ಹಿಂದಿನವನ್ನೆಲ್ಲ ಮೋಡದಂಥ ಒಂದೇ ಬಿಳಿ ಆಕಾರ ಮಾಡಿದೆವು. ಏಳನೆಯದು ನಮ್ಮ ಮರಿ, ಕುತ್ತಿಗೆಗೆ ಕೆಂಪು ದಾರ, ಒಂದು ಗಂಟೆ. ಮರಿ ಹೋದ ಮೇಲೆ ಅದೇ ಚಿತ್ರ ಮತ್ತೆ ಬರುತ್ತದೆ, ಆದರೆ ಮರಿ ನಿಂತಿದ್ದ ಜಾಗ ಖಾಲಿ. ಒಂದು ಕಡಿಮೆಯಾಗಿದೆ ಅನ್ನುವುದನ್ನು ಆ ಖಾಲಿ ಜಾಗವೇ ಹೇಳುತ್ತದೆ, ಅಂಕಿ ಬೇಕಿಲ್ಲ.

ನಿಜವಾದ ಪಾಠ ಅಂಗನವಾಡಿಯಲ್ಲಿ ಆಯಿತು. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿ, ನಮ್ಮದೇ ಧ್ವನಿ ಹಾಕಿ ಅನಿಮ್ಯಾಟಿಕ್ ಮಾಡಿದ್ದೆವು. ಹನ್ನೊಂದು ಮಕ್ಕಳ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಕುರುಬ ಮರಿಯನ್ನು ಕರೆಯುವ ಜಾಗ ಮೂರು ಇದ್ದವು: ಬಂಡೆ, ಹಳ್ಳ, ಮುಳ್ಳಿನ ಪೊದೆ. ಮಕ್ಕಳು ಜೊತೆಯಲ್ಲಿ ಕೂಗಲಿ ಅಂತಲೇ ಆ ಮಾತು ಇಟ್ಟಿದ್ದು. ಮೂರು ಜಾಗದಲ್ಲೂ ಒಬ್ಬರೂ ಬಾಯಿ ಬಿಡಲಿಲ್ಲ.

ಸ್ಟುಡಿಯೋಗೆ ಬಂದು ಕಾಗದ ಹರಡಿ ನೋಡಿದಾಗ ತಪ್ಪು ಕಂಡಿತು. ನಮ್ಮ ಬರಹಗಾರ ಒಳ್ಳೆಯ ಬರಹಗಾರ. ಹೇಳಿದ್ದೇ ಹೇಳಬಾರದು ಅಂತ ಮೊದಲ ಸಲ ‘ಮರೀ, ಎಲ್ಲಿದ್ದೀಯಾ?’, ಎರಡನೇ ಸಲ ‘ಎಲ್ಲಿ ಹೋದೆ ನನ್ನ ಪುಟ್ಟ?’, ಮೂರನೇ ಸಲ ‘ಬಾರೋ ಕಂದ!’ ಅಂತ ಬರೆದಿದ್ದರು. ನಾನೂ ಕಮ್ಮಿ ಇಲ್ಲ. ಬೇಜಾರಾಗದಿರಲಿ ಅಂತ ಮೊದಲನೆಯದನ್ನು ದೂರದಿಂದ, ಎರಡನೆಯದನ್ನು ಮೇಲಿನಿಂದ, ಮೂರನೆಯದನ್ನು ಕುರುಬನ ಬೆನ್ನಿನ ಹಿಂದಿನಿಂದ ಬರೆದಿದ್ದೆ. ಬೇಜಾರಾಗುವುದು ನಮಗೆ, ಮಕ್ಕಳಿಗಲ್ಲ. ಮಕ್ಕಳಿಗೆ ಅದು ಮೂರು ಬೇರೆ ಬೇರೆ ಘಟನೆ. ಈಗ ನನ್ನ ಸರದಿ ಬರುತ್ತದೆ ಅಂತ ಗೊತ್ತಾದರೆ ತಾನೇ ಕೂಗುವುದು?

ಹೊಸ ಬೋರ್ಡಿನಲ್ಲಿ ಮಾತು ಒಂದೇ: ‘ಮರೀ ಮರೀ, ಎಲ್ಲಿದ್ದೀಯಾ?’ ಚಿತ್ರವೂ ಒಂದೇ. ಕುರುಬ ಎಡಗಡೆ, ಕೈ ಬಾಯಿಯ ಹತ್ತಿರ. ಬಲಗಡೆ ಬದಲಾಗುವುದು ಒಂದೇ ವಸ್ತು, ಬಂಡೆ, ಹಳ್ಳ, ಇಲ್ಲವೇ ಪೊದೆ. ಪ್ರತಿ ಸಲವೂ ಸಮಯದ ಕಾಲಂ ಹೀಗೆ: ಕೈ ಎತ್ತಲು ಒಂದು ಸೆಕೆಂಡ್, ಮಾತಿಗೆ ಎರಡು. ಆಮೇಲೆ ಕುರುಬ ಕಿವಿಗೆ ಕೈ ಇಟ್ಟು ನೋಡುವವರ ಕಡೆಗೇ ತಿರುಗಿ ಮೂರು ಸೆಕೆಂಡ್ ಸುಮ್ನೆ ನಿಲ್ಲುತ್ತಾನೆ. ಸಂಗೀತವೂ ಇಲ್ಲ. ಎಡಿಟ್ ಮಾಡುವವರಿಗೆ ಈ ಮೂರು ಸೆಕೆಂಡ್ ನೋಡಿದರೆ ಕತ್ತರಿ ಹಾಕಲು ಕೈ ತುರಿಸುತ್ತದೆ. ಅದಕ್ಕೆ ಪ್ಯಾನೆಲ್‌ನ ಕೆಳಗೆ ಕೆಂಪು ಪೆನ್ನಿನಲ್ಲಿ ‘ಇದು ಮಗುವಿನ ಡೈಲಾಗ್, ಕತ್ತರಿಸಬೇಡಿ’ ಅಂತ ಬರೆದೆ. ಮೂರನೇ ಸಲ ಕುರುಬನ ಧ್ವನಿ ಬರೀ ‘ಮರೀ ಮರೀ’ ಅಂತ ನಿಲ್ಲುತ್ತದೆ, ಉಳಿದದ್ದು ಮಕ್ಕಳಿಗೆ.

ಬಂಡೆಯ ಹಿಂದಿನಿಂದ ಹಕ್ಕಿ, ಹಳ್ಳದಿಂದ ಕಪ್ಪೆ ಹೊರಗೆ ಬಂದು ‘ನಾನಲ್ಲ!’ ಅನ್ನುತ್ತವೆ. ಇದು ಗ್ರಂಥದಲ್ಲಿಲ್ಲ. ಸಂಡೇ ಸ್ಕೂಲಿನ ಸಿಸ್ಟರ್ ಸ್ವಲ್ಪ ಹೊತ್ತು ಯೋಚಿಸಿ, ಹುಡುಕಿದ ಅಂತ ಇದೆಯಲ್ಲ, ಅದನ್ನೇ ತಾನೇ ತೋರಿಸುತ್ತಿರುವುದು ಅಂತ ಒಪ್ಪಿದರು.

ಅಂಗನವಾಡಿಯಲ್ಲಿ ಇನ್ನೆರಡು ವಿಷಯ ಗೊತ್ತಾಯಿತು. ದೂರದ ಚಿತ್ರದಿಂದ ಮರಿಯ ಮುಖದ ಕ್ಲೋಸಪ್‌ಗೆ ನೇರ ಕಟ್ ಮಾಡಿದ್ದೆ. ಮುಂದೆ ಕೂತಿದ್ದ ಹುಡುಗಿ ‘ಇನ್ನೊಂದು ಮರಿ ಬಂತು’ ಅಂದಳು. ಗಾತ್ರ ಬದಲಾದರೆ ಅವಳ ಪಾಲಿಗೆ ಮರಿಯೇ ಬೇರೆ. ಕೆಂಪು ದಾರವೂ ಆ ಕ್ಲೋಸಪ್‌ನಲ್ಲಿ ಚಿತ್ರದಿಂದ ಆಚೆ ಹೋಗಿತ್ತು. ಈಗ ಅಲ್ಲಿ ಕಟ್ ಇಲ್ಲ, ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ, ದಾರ ಕೊನೆವರೆಗೂ ಕಾಣುತ್ತದೆ. ಎರಡನೆಯದು ದಿಕ್ಕು. ಕುರುಬ ಹುಡುಕುತ್ತಾ ಬಲಕ್ಕೆ ಹೋಗಿ, ಮರಿ ಹೊತ್ತುಕೊಂಡ ಮೇಲೂ ಬಲಕ್ಕೇ ನಡೆಯುತ್ತಿದ್ದ. ‘ಎಲ್ಲಿಗೆ ಹೋಗ್ತಾನೆ?’ ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಹೋಗುವುದು ಬಲಕ್ಕಾದರೆ ಮನೆ ಎಡಕ್ಕೆ. ಬರುವಾಗ ಪೊದೆ, ಹಳ್ಳ, ಬಂಡೆ ಅದೇ ದಾರಿಯಲ್ಲಿ ಹಿಂದುಮುಂದಾಗಿ ಬರಬೇಕು. ಈಗ ಕಪ್ಪೆ, ಹಕ್ಕಿ ಎರಡೂ ಅಲ್ಲಲ್ಲೇ ಕೂತು ನೋಡುತ್ತವೆ. ಬ್ಯಾಕ್‌ಗ್ರೌಂಡ್ ಬಿಡಿಸುವ ಖರ್ಚೂ ಉಳಿಯಿತು.

ಅಂಗನವಾಡಿ ಟೀಚರ್ ಕುರಿ ಸಾಕುವ ಮನೆಯವರು. ಅವರ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ತೊಂಬತ್ತೊಂಬತ್ತು ಬಿಟ್ಟು ಹೋದ್ರೆ ತೋಳ ಬರಲ್ವಾ ಸಾರ್?’ ಅಂದರು. ಕಾವಲಿಗೆ ಒಂದು ನಾಯಿ ಹಾಕೋಣ ಅಂದೆ. ಸಿಸ್ಟರ್ ಬೇಡ ಅಂದರು. ಆ ಅನುಮಾನ ದೊಡ್ಡವರಿಗೆ ಬರಲಿ ಅಂತಲೇ ಕಥೆ ಹಾಗಿದೆ, ನೀವು ಅದನ್ನು ಮುಚ್ಚಬೇಡಿ ಅನ್ನುವುದು ಅವರ ವಾದ. ನಾಯಿ ಬಿಟ್ಟೆ. ಉಳಿದ ಕುರಿಗಳು ಮೇಯುವುದನ್ನು ನಿಲ್ಲಿಸಿ ದಾರಿ ಕಡೆ ನೋಡುವ ಒಂದು ಪ್ಯಾನೆಲ್ ಹಾಕಿದೆ, ಮಾತಿಲ್ಲದೆ.

ಕೊನೆಯ ಜಗಳ ನೀತಿಯದು. ದುಡ್ಡು ಕೊಡುತ್ತಿದ್ದ ಸಮಿತಿಯವರಿಗೆ ‘ಹೇಳದೆ ಕೇಳದೆ ಎಲ್ಲೂ ಹೋಗಬಾರದು’ ಅನ್ನುವ ಸಾಲು ಕೊನೆಯಲ್ಲಿ ಬೇಕಿತ್ತು. ಹಾಕಿದರೆ ಮರಿ ಮುಖ ಸಪ್ಪೆ ಮಾಡಿಕೊಂಡ ಪ್ಯಾನೆಲ್ ಬೇಕಾಗುತ್ತದೆ. ಮೂಲದಲ್ಲಿ ಅವನು ಕುರಿಯನ್ನು ಬೈಯುವುದೇ ಇಲ್ಲ, ಸಿಕ್ಕಿತಲ್ಲ ಅಂತ ಊರು ಕರೆಯುತ್ತಾನೆ. ಎರಡು ಕೊನೆಯನ್ನೂ ಬರೆದುಕೊಂಡು ಮತ್ತೆ ಅಂಗನವಾಡಿಗೆ ಹೋದೆ, ಸಮಿತಿಯ ಒಬ್ಬರನ್ನು ಕರೆದುಕೊಂಡು. ಈ ಸಲ ಎರಡನೇ ಜಾಗದಿಂದಲೇ ಕೂಗು ಶುರುವಾಯಿತು. ಮೂರನೆಯದರಲ್ಲಿ ಕುರುಬ ‘ಮರೀ ಮರೀ’ ಅಂದು ಕಿವಿಗೆ ಕೈ ಇಟ್ಟ. ‘ಎಲ್ಲಿದ್ದೀಯಾ?’ ಅಂತ ಎಲ್ಲರೂ ಒಟ್ಟಿಗೆ ಕಿರುಚಿದರು. ಪೊದೆಯಲ್ಲಿ ಗಂಟೆ ಅಲ್ಲಾಡಿತು. ಬುದ್ಧಿ ಹೇಳುವ ಸಾಲು ಬರುವ ಹೊತ್ತಿಗೆ ಮಕ್ಕಳು ಎದ್ದು, ಒಬ್ಬರನ್ನೊಬ್ಬರು ಬೆನ್ನ ಮೇಲೆ ಹೊರಲು ಶುರು ಮಾಡಿದ್ದರು. ಆ ಸಾಲು ಯಾರಿಗೂ ಕೇಳಿಸಲಿಲ್ಲ. ಸಮಿತಿಯವರು ಸ್ಟುಡಿಯೋಗೆ ವಾಪಸ್ ಬರುವ ದಾರಿಯಲ್ಲಿ, ಅದು ತೆಗೆದುಬಿಡಿ ಅಂದರು.