ಒಬ್ಬಳೇ ಹುಡುಗಿ, ಎರಡು ರೆಸ್ಯೂಮ್

"ಸರ್, ನಾಲ್ಕು ವರ್ಷ ಕೆಲಸ ಮಾಡಿ ಆಮೇಲೆ ಎಂ.ಎಸ್ಸಿ. ಮುಗಿಸಿದೀನಿ. ರೆಸ್ಯೂಮ್‌ನಲ್ಲಿ ಓದು ಮೇಲೆ ಬರಬೇಕಾ, ಕೆಲಸ ಮೇಲೆ ಬರಬೇಕಾ?"

ಯಾವ ಹುದ್ದೆಗೆ ಅರ್ಜಿ ಹಾಕುತ್ತಿದ್ದೀರಿ ಎಂಬುದು ತಿಳಿಯದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಹಾಸನದಲ್ಲಿ ಹಲವು ವರ್ಷ ಅರ್ಜಿಗಳನ್ನು ವಿಂಗಡಿಸುವ ಕೆಲಸ ಮಾಡಿದ ನಾನು, ಮೊದಲ ಸುತ್ತಿನಲ್ಲಿ ಜಾಹೀರಾತಿನ ಕಡ್ಡಾಯ ಷರತ್ತು ಪುಟದ ಮೇಲ್ಭಾಗದಲ್ಲಿ ಕಾಣುತ್ತದೆಯೇ ಎಂಬುದನ್ನಷ್ಟೇ ನೋಡುತ್ತಿದ್ದೆ. ಆದ್ದರಿಂದ ಜಾಹೀರಾತಿನಲ್ಲಿ 'ಕಡ್ಡಾಯ', 'ಕನಿಷ್ಠ' ಎಂಬ ಮಾತುಗಳು ಯಾವುದರ ಪಕ್ಕದಲ್ಲಿವೆ ಎಂದು ಮೊದಲು ಹುಡುಕಿ, ಅವುಗಳ ಕೆಳಗೆ ಗೆರೆ ಎಳೆಯಿರಿ.

ಈ ಪ್ರಶ್ನೆ ಕೇಳಿದ ಹುಡುಗಿಯ ವಿವರವನ್ನೇ ತೆಗೆದುಕೊಳ್ಳುತ್ತೇನೆ. ಬಿ.ಎಸ್ಸಿ. ಆದ ಮೇಲೆ 2018ರಿಂದ 2022ರವರೆಗೆ ಆಕೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇದ್ದಳು. ಬೆಳೆಗಾರರು ತರುವ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಮೂಟೆಗಳಿಂದ ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಔಟ್‌ಟರ್ನ್, ಅಂದರೆ ತಂದ ಮಾಲಿನಿಂದ ಎಷ್ಟು ಶುದ್ಧ ಬೀಜ ಬಂತು ಎಂಬ ಲೆಕ್ಕ ಬರೆಯುವುದು ಅವಳ ಕೆಲಸವಾಗಿತ್ತು. ಆನಂತರ ಹಾಸನದ ಸ್ನಾತಕೋತ್ತರ ಕೇಂದ್ರವಾದ ಹೇಮಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೇರಿ 2024ರಲ್ಲಿ ಮುಗಿಸಿದಳು. ಹುರಿದ ಕಾಫಿಯಲ್ಲಿ ಕೆಫೀನ್ ಎಷ್ಟಿದೆ ಎಂದು ಎಚ್‌ಪಿಎಲ್‌ಸಿ ಉಪಕರಣದಲ್ಲಿ ಅಳೆದದ್ದು ಅವಳ ಪ್ರಾಜೆಕ್ಟ್. ಅವಳ ಕೈಯಲ್ಲಿ ಎರಡು ಜಾಹೀರಾತುಗಳಿದ್ದವು.

ಮೊದಲನೆಯದು ಬೆಂಗಳೂರಿನ ಆಹಾರ ಪರೀಕ್ಷಾ ಪ್ರಯೋಗಾಲಯದ್ದು: ಎಂ.ಎಸ್ಸಿ. ರಸಾಯನಶಾಸ್ತ್ರ ಕಡ್ಡಾಯ, ಎಚ್‌ಪಿಎಲ್‌ಸಿ ತಿಳಿದಿರಬೇಕು, ಅನುಭವ 0–2 ವರ್ಷ. ಇಲ್ಲಿ ಓದು ಮೇಲೆ ಬರಬೇಕು. ಕ್ಯೂರಿಂಗ್ ಕೆಲಸ ಮೇಲಿದ್ದರೆ, ಓದುವವರು ಮೊದಲು ಕಾಣುವುದು ತಮಗೆ ಬೇಡದ ನಾಲ್ಕು ವರ್ಷಗಳನ್ನು. ಜೊತೆಗೆ ಮೊದಲು ಕಣ್ಣಿಗೆ ಬೀಳುವ ಕೊನೆಯ ಇಸವಿ 2022 ಆಗುವುದರಿಂದ, ಎರಡು ವರ್ಷ ಮನೆಯಲ್ಲಿ ಕುಳಿತಿದ್ದಳೇನೋ ಎಂಬ ಅನುಮಾನವೂ ಹುಟ್ಟುತ್ತದೆ. ಎಂ.ಎಸ್ಸಿ. ಮೇಲೆ ಬಂದಾಗ ಇಸವಿಗಳು 2024ರಿಂದ ಹಿಂದಕ್ಕೆ ಸರಾಗವಾಗಿ ಸಾಗುತ್ತವೆ.

ಆದರೆ ಓದನ್ನು ಮೇಲೆ ತರುವುದೆಂದರೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅಂಕಪಟ್ಟಿಗಳ ಕೋಷ್ಟಕವನ್ನು ಮೇಲೆ ತರುವುದಲ್ಲ. ನಮ್ಮ ಕಡೆ ಈ ಅಭ್ಯಾಸ ಬಹಳ ಇದೆ; ಶಾಲೆ, ಬೋರ್ಡ್, ಶೇಕಡಾವಾರು ಎಂದು ಅರ್ಧ ಪುಟವೇ ಹೋಗುತ್ತದೆ, ಬೇಕಾದ ಪದವಿ ಆ ಸಾಲುಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅವಳು ತಂದದ್ದೂ ಅಂಥದ್ದೇ ಕೋಷ್ಟಕ. ಅದನ್ನು ತೆಗೆಸಿ, ಎಂ.ಎಸ್ಸಿ.ಯ ಸಾಲಿನ ಕೆಳಗೆ ಪ್ರಾಜೆಕ್ಟ್ ವಿವರ ಬರೆಸಿದೆ: ಯಾವ ಮಾದರಿ, ಯಾವ ಉಪಕರಣ, ತಾನೇ ನಡೆಸಿದ ಹಂತಗಳು ಯಾವುವು. ಬಿ.ಎಸ್ಸಿ.ಗೆ ಒಂದು ಸಾಲು ಸಾಕಾಯಿತು. ಅನುಭವದ ಭಾಗವನ್ನು ಅದರ ಕೆಳಗಿಟ್ಟು, ಸ್ಯಾಂಪಲ್ ತೆಗೆಯುವ ಮತ್ತು ತೇವಾಂಶ ನೋಡುವ ಕೆಲಸವನ್ನು ಮುಂದಕ್ಕೆ ತಂದೆವು, ಏಕೆಂದರೆ ಪ್ರಯೋಗಾಲಯಕ್ಕೆ ಹತ್ತಿರವಾದದ್ದು ಅದು.

ಎರಡನೆಯ ಜಾಹೀರಾತು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರದ್ದು: ಯಾವುದೇ ವಿಜ್ಞಾನ ಪದವಿ, ಕ್ಯೂರಿಂಗ್‌ನಲ್ಲಿ ಕನಿಷ್ಠ 3 ವರ್ಷ. ಪದವೀಧರರು ಎಷ್ಟು ಜನ ಬೇಕಾದರೂ ಸಿಗುತ್ತಾರೆ, ಆದರೆ ಒಂದು ಲಾಟಿನ ಔಟ್‌ಟರ್ನ್ ಕಡಿಮೆ ಬಂದಾಗ ಬೆಳೆಗಾರನ ಎದುರು ಲೆಕ್ಕ ಬಿಡಿಸಿ ತೋರಿಸಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಅನುಭವವೇ ಮೇಲಿರಬೇಕು. ಇಸವಿಗಳ ನಡುವಿನ ಅಂತರ ಇಲ್ಲಿಯೂ ಕಾಡುತ್ತದೆಯಾದ್ದರಿಂದ, ಹೆಸರಿನ ಕೆಳಗೆ "ಎಂ.ಎಸ್ಸಿ. ರಸಾಯನಶಾಸ್ತ್ರ (2022–2024)" ಎಂದು ಒಂದೇ ಸಾಲು ಹಾಕಿಸಿದೆ. ಪೂರ್ತಿ ವಿವರ ಪುಟದ ಕೊನೆಗೆ ಹೋಯಿತು.

ಓದು, ಅನುಭವ ಎರಡೂ ಕಡ್ಡಾಯವಾಗಿರುವ ಹುದ್ದೆಗಳಲ್ಲೂ ನಾನು ಈ ಒಂದು ಸಾಲಿನ ಉಪಾಯವನ್ನೇ ಹೇಳುತ್ತೇನೆ. ಅನುಭವ ಎಷ್ಟೇ ಇರಲಿ, ಅರ್ಹತೆಯಿಲ್ಲದೆ ಮುಂದಕ್ಕೆ ಹೋಗಲಾಗದ ಹುದ್ದೆಗಳ ಮಾತು ಮಾತ್ರ ಬೇರೆ. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಅಂಕ, ನೆಟ್ ಅಥವಾ ಕೆಸೆಟ್ ಕೇಳಿದ್ದರೆ, 10 ವರ್ಷ ಅತಿಥಿ ಉಪನ್ಯಾಸಕರಾಗಿದ್ದವರೂ ಅವನ್ನೇ ಮೇಲೆ ಬರೆಯುವುದು ಸರಿ. ಅಲ್ಲಿ ಪಾಠ ಮಾಡಿದ ವರ್ಷಗಳ ಎಣಿಕೆ ಶುರುವಾಗುವುದು ಅರ್ಹತೆ ಖಚಿತವಾದ ನಂತರ.

ಪುಟವನ್ನು ಮುದ್ರಿಸಿದ ಮೇಲೆ ಕೆಳಗಿನ ಮೂರನೆಯ ಎರಡು ಭಾಗವನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಉಳಿದದ್ದನ್ನು ಜಾಹೀರಾತಿನ ಪಕ್ಕದಲ್ಲಿಟ್ಟು ಓದಿ. ನೀವು ಗೆರೆ ಎಳೆದ ಷರತ್ತಿಗೆ ಅಷ್ಟರಲ್ಲೇ ಉತ್ತರ ಸಿಗದಿದ್ದರೆ ಭಾಗಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಮುದ್ರಿಸಿ. ಆ ಹುಡುಗಿ ಎರಡು ರೆಸ್ಯೂಮ್‌ಗಳನ್ನೂ ಹೀಗೆಯೇ ನನ್ನ ಮೇಜಿನ ಮೇಲೆ ಜೋಡಿಸಿ ನೋಡಿ, ಅದೇ ಸಂಜೆ ಎರಡನ್ನೂ ಕಳುಹಿಸಿದಳು.